ತರಗತಿಯ ಪ್ರೊಜೆಕ್ಟರ್‌ನ ಬಣ್ಣ ಮತ್ತು ಅಕ್ಷರದ ಗಾತ್ರವನ್ನು ಬದಲಿಸಿಕೊಡಲು ಕೋರಿ ಮನವಿ ಪತ್ರ

ಇವರಿಂದ:
ವಿಜ್ಞಾನ ಶಿಕ್ಷಕಿ, 8 ಮತ್ತು 9ನೇ ತರಗತಿ

ಇವರಿಗೆ:
ಐಟಿ ವಿಭಾಗದ ಸಿಬ್ಬಂದಿಯವರು

ಮಾನ್ಯರೇ,

ವಿಷಯ: 14ನೇ ಕೊಠಡಿಯ ಪ್ರೊಜೆಕ್ಟರ್‌ನ ಬಣ್ಣಗಳನ್ನು ಕಣ್ಣಿಗೆ ಹಿತವಾಗುವಂತೆ ತಗ್ಗಿಸಿ, ಅಕ್ಷರಗಳನ್ನು ದೊಡ್ಡದಾಗಿಸಿಕೊಡುವ ಬಗ್ಗೆ.

14ನೇ ಕೊಠಡಿಯ ಪ್ರೊಜೆಕ್ಟರ್ ಈ ವರ್ಷ ಒಂದು ದಿನವೂ ಕೆಟ್ಟು ನಿಂತಿಲ್ಲ. ಅದಕ್ಕಾಗಿ ನಿಮ್ಮ ವಿಭಾಗಕ್ಕೆ ಕೃತಜ್ಞಳಾಗಿದ್ದೇನೆ. ಯಂತ್ರ ಚೆನ್ನಾಗಿಯೇ ಇದೆ, ಆದರೆ ಅದರ ಈಗಿನ ಸೆಟ್ಟಿಂಗ್‌ಗಳಿಂದಾಗಿ ಪರದೆಯ ಚಿತ್ರ ಮುಂದಿನ ಎರಡು ಸಾಲಿನ ಮಕ್ಕಳ ಕಣ್ಣು ಕುಕ್ಕುತ್ತಿದೆ, ಅದೇ ಹೊತ್ತಿಗೆ ಕೊನೆಯ ಎರಡು ಸಾಲಿನವರಿಗೆ ಅಕ್ಷರಗಳೇ ಕಾಣುತ್ತಿಲ್ಲ. ಅರೆತಲೆನೋವು ಇರುವ ಒಬ್ಬ ವಿದ್ಯಾರ್ಥಿನಿ ಪ್ರೊಜೆಕ್ಟರ್ ಹಾಕಿದೊಡನೆ ತಲೆ ತಗ್ಗಿಸಿ ಕೂರುತ್ತಾಳೆ. ಹಿಂದಿನ ಬೆಂಚಿನವರು ಪರದೆಯನ್ನು ನೋಡುವುದನ್ನು ಬಿಟ್ಟು, ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುವುದನ್ನು ರೂಢಿಸಿಕೊಂಡಿದ್ದಾರೆ. ಇದನ್ನು ಬಹಳ ದಿನ ನಾನು ಅವರ ಅಲಕ್ಷ್ಯವೆಂದೇ ತಿಳಿದು ಗದರಿಸುತ್ತಿದ್ದೆನೆಂಬುದನ್ನೂ ಹೇಳಬೇಕು.

ಕಳೆದ ವಾರ ತರಗತಿ ಮುಗಿದ ಮೇಲೆ ಕೊನೆಯ ಬೆಂಚಿನಲ್ಲಿ ಕುಳಿತು ನಾನೇ ಓದಲು ಪ್ರಯತ್ನಿಸಿ, ಬಳಿಕ ಅಳತೆ ಪಟ್ಟಿ ಹಿಡಿದು ಪರೀಕ್ಷಿಸಿದೆ. ಪರದೆಯಿಂದ ಆ ಬೆಂಚಿಗೆ ಸುಮಾರು 8.5 ಮೀಟರ್ ದೂರವಿದೆ. ಪರದೆಯ ಮೇಲಿನ ಚಿತ್ರದ ಎತ್ತರ 1.2 ಮೀಟರ್, ಶಾಲೆಯ ಸ್ಲೈಡ್ ಟೆಂಪ್ಲೇಟ್‌ನಲ್ಲಿ ಪಠ್ಯಕ್ಕೆ ನಿಗದಿಯಾಗಿರುವ 14 ಪಾಯಿಂಟ್ ಅಕ್ಷರ ಅಲ್ಲಿ ಸುಮಾರು 15 ಮಿಲಿಮೀಟರ್ ಎತ್ತರಕ್ಕೆ ಮೂಡುತ್ತದೆ. ಕಣ್ಣಿನ ತಪಾಸಣೆಯಲ್ಲಿ 6/6 ಎಂದು ಬರೆಯುವ ದೃಷ್ಟಿಯ ಅಳತೆಗೋಲಿನ ಪ್ರಕಾರ, 8.5 ಮೀಟರ್ ದೂರದಿಂದ ಗುರುತಿಸಬಹುದಾದ ಅತಿ ಚಿಕ್ಕ ಅಕ್ಷರದ ಎತ್ತರ ಸುಮಾರು 12 ಮಿಲಿಮೀಟರ್. ಅಂದರೆ ಕಣ್ಣು ಸಂಪೂರ್ಣ ಸರಿಯಿರುವ ಮಗು ಕೂಡ ಇಡೀ ಪಾಠವನ್ನು ತನ್ನ ದೃಷ್ಟಿಯ ಕೊನೆಯ ಅಂಚಿನಲ್ಲೇ ಓದಬೇಕಾಗಿದೆ. ಕನ್ನಡಕ ಮರೆತು ಬಂದ ಮಗುವಿಗೆ ಏನೂ ಕಾಣುವುದಿಲ್ಲ. ಇದರ ಮೇಲೆ ನಮ್ಮ ಲಿಪಿಯ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು. ನಾನು ಕುಳಿತಲ್ಲಿಂದ 'ದ್ಯುತಿಸಂಶ್ಲೇಷಣೆ' ಎಂಬ ಪದದಲ್ಲಿ ಒತ್ತುಗಳಿದ್ದ ಜಾಗಗಳಲ್ಲಿ ಬರಿಯ ಚುಕ್ಕೆಗಳು ಕಂಡವು.

ಅಕ್ಷರಗಳು ಮಸುಕಾಗಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನ್ನ ಅನಿಸಿಕೆ. ಪ್ರೊಜೆಕ್ಟರ್‌ನ ಕೈಪಿಡಿಯಲ್ಲಿ ಅದರ ಸ್ವಂತ ರೆಸಲ್ಯೂಶನ್ 1280 × 800 ಎಂದಿದೆ, ಆದರೆ ತರಗತಿಯ ಕಂಪ್ಯೂಟರ್ ಅದಕ್ಕೆ 1920 × 1080 ಚಿತ್ರವನ್ನು ಕಳಿಸುತ್ತಿದೆ. ಮೂರು ಪಿಕ್ಸೆಲ್‌ಗಳನ್ನು ಎರಡರಲ್ಲಿ ತುರುಕುವಾಗ ತೆಳುವಾದ ಗೆರೆಗಳು ಕದಡಿಹೋಗುವುದು ಸಹಜ. ಆದ್ದರಿಂದ ರೆಸಲ್ಯೂಶನ್ ಅನ್ನು ಪ್ರೊಜೆಕ್ಟರ್‌ಗೆ ಹೊಂದುವಂತೆ ಇಟ್ಟು, ಅದಾದ ಮೇಲೂ ಮೆನು ಮತ್ತು ಕಡತಗಳ ಹೆಸರುಗಳು ಚಿಕ್ಕದೆನಿಸಿದರೆ ಮಾತ್ರ `Settings > System > Display` ಅಡಿಯ `Scale` ಅನ್ನು 125% ಅಥವಾ 150%ಕ್ಕೆ ಏರಿಸಬೇಕೆಂದು ಕೋರುತ್ತೇನೆ. ಟೆಂಪ್ಲೇಟ್‌ನ ಪಠ್ಯವನ್ನು 28 ಪಾಯಿಂಟ್‌ಗಿಂತ ಕಡಿಮೆಯಾಗದಂತೆ ನಿಗದಿಪಡಿಸಿ. ಒಂದು ಸ್ಲೈಡ್‌ನಲ್ಲಿ ಆಗ ಕಡಿಮೆ ವಾಕ್ಯಗಳು ಹಿಡಿಸುತ್ತವೆ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಬಹುದು. ನನ್ನನ್ನು ಕೇಳಿದರೆ ಅದು ಲಾಭವೇ.

ಇನ್ನು ಬಣ್ಣಗಳ ವಿಚಾರ. ಪ್ರೊಜೆಕ್ಟರ್ ಸದಾ `Dynamic` ಮೋಡ್‌ನಲ್ಲಿರುತ್ತದೆ. ಬೆಳಕನ್ನು ಹೆಚ್ಚಿಸುವ ಭರದಲ್ಲಿ ಈ ಮೋಡ್ ಬಿಳಿಯನ್ನು ಹಸಿರು ಛಾಯೆಗೆ ತಿರುಗಿಸಿ, ಉಳಿದ ಬಣ್ಣಗಳನ್ನು ಗಾಢವಾಗಿಸುತ್ತಿದೆ. ಎಲೆಯ ಅಡ್ಡಕೊಯ್ತದ ಚಿತ್ರದಲ್ಲಿ ಯಾವುದು ನಿಜವಾಗಿ ಹಸಿರು, ಯಾವುದು ಯಂತ್ರ ಬಳಿದ ಹಸಿರು ಎಂದು ನನಗೇ ತಿಳಿಯದಂತಾಗಿದೆ. ಇದನ್ನು `sRGB`ಗೆ ಬದಲಿಸಿಕೊಡಿ. ಹಗಲಿನಲ್ಲಿ ಅದು ತೀರಾ ಮಂಕಾದರೆ `Presentation` ಮೋಡ್ ಇಟ್ಟು, ಬ್ರೈಟ್‌ನೆಸ್ ಮತ್ತು ಬಣ್ಣದ ಗಾಢತೆ ಎರಡನ್ನೂ ತುಸು ತಗ್ಗಿಸಬಹುದು.

ಟೆಂಪ್ಲೇಟ್‌ನ ಬಣ್ಣಗಳು ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತಿವೆ. ಅದರಲ್ಲಿ ಅಚ್ಚ ನೀಲಿ ಹಿನ್ನೆಲೆಯ ಮೇಲೆ ಅಚ್ಚ ಕೆಂಪು ಶೀರ್ಷಿಕೆಗಳಿವೆ. ನಮ್ಮ ಕಣ್ಣಿನ ಮಸೂರ ಕೆಂಪು ಮತ್ತು ನೀಲಿ ಬೆಳಕನ್ನು ಒಂದೇ ದೂರದಲ್ಲಿ ಕೇಂದ್ರೀಕರಿಸುವುದಿಲ್ಲವಾದ್ದರಿಂದ ಇಂಥ ಜೋಡಣೆಯಲ್ಲಿ ಅಕ್ಷರಗಳು ಹಿನ್ನೆಲೆಯಿಂದ ಕಿತ್ತುಕೊಂಡು ನಡುಗುತ್ತಿರುವಂತೆ ಕಾಣುತ್ತವೆ. ವೆಬ್ ಪುಟಗಳ ಸುಗಮ ಓದಿಗಾಗಿ ರೂಪಿಸಿರುವ WCAG ಮಾನದಂಡ ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಕಾಂಟ್ರಾಸ್ಟ್ ಕೇಳುತ್ತದೆ; ನಮ್ಮ ಕೆಂಪು-ನೀಲಿ ಜೋಡಿಯದು 2.15:1 ಮಾತ್ರ. ಬಿಳಿಯ ಮೇಲೆ ಹಳದಿ ಬಣ್ಣದಲ್ಲಿ ಬರೆದಿರುವ 'ನೆನಪಿಡಿ' ಚೌಕದ್ದು 1.07:1, ಹಾಗಾಗಿ ನೆನಪಿಡಬೇಕಾದದ್ದೇ ಯಾರಿಗೂ ಕಾಣುವುದಿಲ್ಲ. ಇವುಗಳ ಬದಲು ಕೆನೆಬಣ್ಣದ ಹಿನ್ನೆಲೆ (`#F7F3E8`) ಮತ್ತು ಕಪ್ಪಿಗೆ ಹತ್ತಿರದ ಬೂದು ಅಕ್ಷರ (`#222222`) ಇಡಬೇಕೆಂದು ಸೂಚಿಸುತ್ತೇನೆ. ಕಿಟಕಿಯ ಬೆಳಕಿಗೆ ಒಂದಿಷ್ಟು ಕಾಂಟ್ರಾಸ್ಟ್ ಕಳೆದುಹೋದರೂ ಈ ಜೋಡಿಯಲ್ಲಿ ಓದಲು ಸಾಕಷ್ಟು ಉಳಿಯುತ್ತದೆ. ಸರಿ-ತಪ್ಪು ಉತ್ತರಗಳನ್ನು ಈಗ ಹಸಿರು-ಕೆಂಪು ಬಣ್ಣಗಳಿಂದಷ್ಟೇ ತೋರಿಸಲಾಗುತ್ತಿದೆ. ಅವೆರಡರ ವ್ಯತ್ಯಾಸ ತಿಳಿಯದ ಮಕ್ಕಳು ಯಾವ ತರಗತಿಯಲ್ಲೂ ಇರಬಹುದು, ಆದ್ದರಿಂದ ಬಣ್ಣದ ಜೊತೆ ✓ ಮತ್ತು ✗ ಗುರುತುಗಳನ್ನೂ ಸೇರಿಸಿದರೆ ಒಳ್ಳೆಯದು.

ಕಣ್ಣಿಗೆ ಹಿತವಾಗಲೆಂದು ಕಪ್ಪು ಹಿನ್ನೆಲೆಗೆ ಬದಲಿಸುವುದು ಬೇಡ. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು. ಬೆಳಕು ಬೀಳದ ಜಾಗವೇ ಅದರ ಪಾಲಿಗೆ ಕಪ್ಪು. ಕಿಟಕಿ ತೆರೆದಿರುವ ಕೊಠಡಿಯಲ್ಲಿ ಆ ಜಾಗ ಬೂದುಬಣ್ಣಕ್ಕೆ ತಿರುಗಿ, ಅಕ್ಷರಗಳು ಈಗಿಗಿಂತಲೂ ಮಂಕಾಗುತ್ತವೆ. ಕಿಟಕಿ ಮುಚ್ಚಿ ಕತ್ತಲೆ ಮಾಡಿದರೆ ಮಕ್ಕಳು ಬರೆದುಕೊಳ್ಳಲಾಗುವುದಿಲ್ಲ.

ನಾನು ಮುಖ್ಯವಾಗಿ ಕೇಳಿಕೊಳ್ಳಬೇಕಾಗಿರುವುದು ಇನ್ನೊಂದು. ಮೇಲೆ ಹೇಳಿದ್ದರಲ್ಲಿ ನನ್ನ ಕೈಲಾದದ್ದನ್ನು ನಾನೇ ಎರಡು ಸಲ ಬದಲಿಸಿ ನೋಡಿದ್ದೇನೆ. ಆದರೆ ಪ್ರತಿ ಬೆಳಗ್ಗೆ ಕಂಪ್ಯೂಟರ್ ಶುರುವಾದಾಗ ಎಲ್ಲವೂ ಹಳೆಯ ಸ್ಥಿತಿಗೆ ಮರಳಿರುತ್ತದೆ. ಹಲವರು ಬಳಸುವ ಯಂತ್ರವಾದ್ದರಿಂದ ಸುರಕ್ಷತೆಗಾಗಿ ನೀವು ಹಾಗೆ ಮಾಡಿದ್ದೀರೆಂದು ಬಲ್ಲೆ, ಆ ವ್ಯವಸ್ಥೆಯನ್ನು ತೆಗೆಯಿರೆಂದು ಕೇಳುವುದಿಲ್ಲ. ಅದು ಮರಳುವ ಮೂಲ ಸ್ಥಿತಿಯೊಳಗೇ ಈ ಬದಲಾವಣೆಗಳನ್ನು ಸೇರಿಸಿಬಿಟ್ಟರೆ ಸಾಕು. ಈಗ 40 ನಿಮಿಷದ ಅವಧಿಯಲ್ಲಿ ಐದಾರು ನಿಮಿಷ ಇದಕ್ಕೇ ಹೋಗುತ್ತಿದೆ, ಮತ್ತು ನನ್ನ ನಂತರ ಬರುವ ಶಿಕ್ಷಕರಿಗೆ ಈ ಸೆಟ್ಟಿಂಗ್‌ಗಳು ಎಲ್ಲಿವೆ ಎಂಬುದೇ ತಿಳಿದಿಲ್ಲ.

ಎಲ್ಲ ಕೊಠಡಿಗಳಲ್ಲೂ ಒಮ್ಮೆಲೇ ಮಾಡುವುದು ಕಷ್ಟವಾದರೆ ಮೊದಲು 14ನೇ ಕೊಠಡಿಯಲ್ಲಿ ಎರಡು ವಾರ ಪ್ರಯೋಗಿಸಿ ನೋಡೋಣ. ಆ ಅವಧಿಯಲ್ಲಿ ಪ್ರತಿದಿನ ಕೊನೆಯ ಬೆಂಚಿನ ಒಬ್ಬ ವಿದ್ಯಾರ್ಥಿಯಿಂದ ಪರದೆಯ ಮೇಲಿನ ಒಂದು ಸಾಲನ್ನು ಓದಿಸಿ, ತೊಡಕಿದ್ದಲ್ಲಿ ಬರೆದಿಟ್ಟು ನಿಮಗೆ ತಲುಪಿಸುತ್ತೇನೆ. ಸೋಮವಾರ ಮತ್ತು ಗುರುವಾರ ಕೊನೆಯ ಅವಧಿಯಲ್ಲಿ ಈ ಕೊಠಡಿ ಖಾಲಿಯಿರುತ್ತದೆ. ನಿಮ್ಮಲ್ಲೊಬ್ಬರು ಆ ಹೊತ್ತಿಗೆ ಬಂದರೆ ನಾನೂ ಇರುತ್ತೇನೆ. ಬಂದವರು ಪ್ರೊಜೆಕ್ಟರ್ ಬಳಿ ನಿಂತು ಹೊಂದಿಸಿದ ಮೇಲೆ ಒಮ್ಮೆ ಕೊನೆಯ ಬೆಂಚಿನಲ್ಲಿ ಕುಳಿತು ನೋಡಬೇಕೆಂದು ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ, 8 ಮತ್ತು 9ನೇ ತರಗತಿ