ಪದವಿ ಪ್ರದಾನ ವಿಡಿಯೊ, ಧಾರವಾಡ: 12 ನಿಮಿಷದ ಸ್ಕ್ರಿಪ್ಟ್

0:00 – ಕಪ್ಪು ಪರದೆ. ಕಾಲೇಜು ಗಂಟೆಯ ಸದ್ದು. ಟೈಟಲ್: "ಪದವಿ ಪ್ರದಾನ ಸಮಾರಂಭ".

0:20 – ಗೌನು ಸರಿಮಾಡುವ ಕೈಗಳು.
ನಿರೂಪಕಿ: "ಮೂರು ವರ್ಷ ಈ ಗೇಟು ಒಬ್ಬರೇ ದಾಟಿದಿರಿ. ಇವತ್ತು ಅಪ್ಪ-ಅವ್ವನ ಜೊತೆ ಬಂದಿದ್ದೀರಿ."

1:00 – ನಾಡಗೀತೆ, ಪೂರ್ತಿ 2 ನಿಮಿಷ 30 ಸೆಕೆಂಡು. ಕತ್ತರಿ ಬೇಡ.

3:30 – ಪ್ರಾಂಶುಪಾಲರ ಸ್ವಾಗತ.

4:30 – ಮುಖ್ಯ ಅತಿಥಿ, ನಮ್ಮದೇ ಹಳೆ ವಿದ್ಯಾರ್ಥಿನಿ. "ಮೊದಲ ಸಂಬಳದಲ್ಲಿ ಅವ್ವಗ ಇಳಕಲ್ ಸೀರೆ ತಂದೆ" ಅನ್ನುವ ಮಾತು ಇರಲೇಬೇಕು.

6:30 – ಪದವಿ ಪ್ರದಾನ. ಹೆಸರುಗಳು ಕನ್ನಡದಲ್ಲಿ. ಪದಕ ಪಡೆದವಳ ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆ ಶಾಟು 8 ಸೆಕೆಂಡು ಹಾಗೇ ಇರಲಿ, ಸುಮ್ನೆ ಸಂಗೀತ ತುರುಕಬೇಡಿ.

10:30 – ಮಾಂಟಾಜ್: ಲ್ಯಾಬು, ಕ್ಯಾಂಟೀನಿನ ಗಿರ್ಮಿಟ್, ಪೇಢೆ ಹಂಚುವ ಗೆಳತಿಯರು, ಗಾಳಿಗೆ ಹಾರುವ ಟೋಪಿಗಳು, ಖಾಲಿ ಕುರ್ಚಿಗಳು. ಮತ್ತೆ ಗಂಟೆ.

12:00 – ಫೇಡ್ ಔಟ್.