ಬಿಡುಗಡೆ ಸಾರಾಂಶ: ಔಷಧಿ ಮತ್ತು ಮರುಭೇಟಿಯ ಪಟ್ಟಿ

ನ್ಯುಮೋನಿಯಾದಿಂದ ಚೇತರಿಸಿಕೊಂಡು ಮನೆಗೆ ಹೊರಟಿರುವ, ಮಧುಮೇಹ ಮತ್ತು ಅಧಿಕ ರಕ್ತದೊತ್ತಡವಿರುವ 58 ವರ್ಷದ ರೋಗಿಯ ಮೂಲ ಸಾರಾಂಶದಲ್ಲಿ ಚದುರಿದ್ದ ಸೂಚನೆಗಳನ್ನು, ಪ್ರಮಾಣ ಬದಲಿಸದೆ, ಇಲ್ಲಿ ಒಂದೆಡೆ ಬರೆಯಲಾಗಿದೆ. ದಿನಕ್ಕೆ ಮೂರು ಬಾರಿ ಎಂಬರ್ಥದ ‘ಟಿಡಿಎಸ್’ ಎಂದಷ್ಟೇ ಇದ್ದರೆ ಮನೆಯವರು ಗೊಂದಲಕ್ಕೀಡಾಗುವುದರಿಂದ ವೇಳೆಯನ್ನು ಗಂಟೆಗಳಲ್ಲಿ ಕೊಟ್ಟಿದೆ.

| ಔಷಧಿ | ಪ್ರಮಾಣ | ವೇಳೆ | ಅವಧಿ |
|---|---|---|---|
| ಅಮಾಕ್ಸಿಸಿಲಿನ್-ಕ್ಲಾವುಲನೇಟ್ | 625 ಮಿ.ಗ್ರಾಂ | ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10; ಆಹಾರದೊಂದಿಗೆ | 5 ದಿನ |
| ಮೆಟ್‌ಫಾರ್ಮಿನ್ | 500 ಮಿ.ಗ್ರಾಂ | ಬೆಳಿಗ್ಗೆ 8, ರಾತ್ರಿ 8. ಊಟದೊಂದಿಗೆ | ನಿರಂತರ |
| ಆಮ್ಲೋಡಿಪಿನ್ | 5 ಮಿ.ಗ್ರಾಂ | ಬೆಳಿಗ್ಗೆ 8 | ನಿರಂತರ |

| ಮುಂದೆ | ಯಾವಾಗ |
|---|---|
| ವೈದ್ಯರ ಭೇಟಿ | 7 ದಿನಗಳ ನಂತರ |
| ಎದೆಯ ಎಕ್ಸ್‌-ರೇ | 6 ವಾರಗಳ ನಂತರ |

ಜ್ವರ ಇಳಿದರೂ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆಯನ್ನು ಐದೂ ದಿನ ತೆಗೆದುಕೊಂಡು ಮುಗಿಸಬೇಕು. ಉಸಿರಾಟ ಕಷ್ಟವಾದರೆ, ಜ್ವರ ಮರಳಿದರೆ ಅಥವಾ ಮೈಮೇಲೆ ದದ್ದು ಎದ್ದರೆ ಮರುಭೇಟಿಯ ದಿನಕ್ಕೆ ಕಾಯದೆ ತಕ್ಷಣ ತುರ್ತು ವಿಭಾಗಕ್ಕೆ ಬರಬೇಕು.