ಅಡ್ವಾನ್ಸ್ ಹಣದ ಬಾಕಿ ₹60,255 ವಾಪಸ್ ಕೊಡುವ ಬಗ್ಗೆ

ಮೈಸೂರು
24 ಮಾರ್ಚ್ 2025

ಇವರಿಂದ:
ನಾಗರಾಜ
ಕುವೆಂಪುನಗರ, ಮೈಸೂರು 570023

ಇವರಿಗೆ:
ಶ್ರೀ ಶಿವಣ್ಣನವರು, ಮನೆ ಮಾಲೀಕರು
ವಿಜಯನಗರ, ಬೆಂಗಳೂರು 560040

ವಿಷಯ: ನಿಮ್ಮ ಮನೆಯ ಮೊದಲ ಮಹಡಿ ಖಾಲಿ ಮಾಡಿದ್ದಕ್ಕೆ ಬರಬೇಕಾದ ಅಡ್ವಾನ್ಸ್ ಬಾಕಿ, ಬಾಡಿಗೆ ಕರಾರಿನ 9ನೇ ಷರತ್ತಿನ ಪ್ರಕಾರ

ಶಿವಣ್ಣ ಸರ್ ಅವರಿಗೆ ನಮಸ್ಕಾರ.

ನೀವು, ಆಂಟಿ ಇಬ್ಬರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲಿ ಮಾತಾಡಿದಾಗಲೆಲ್ಲ ಮಾತು ಬೇರೆ ಕಡೆ ಹೋಗುತ್ತದೆ, ಲೆಕ್ಕ ಅಲ್ಲೇ ಉಳಿಯುತ್ತದೆ. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ. ಇದೇ ಪತ್ರದ ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿದ್ದೇನೆ.

2022ರ ಜೂನ್ 1ರಿಂದ 2025ರ ಫೆಬ್ರವರಿ 28ರವರೆಗೆ ನಾವು ನಿಮ್ಮ ಮನೆಯಲ್ಲಿದ್ದೆವು. ಹನ್ನೊಂದು ತಿಂಗಳ ಕರಾರು, ಎರಡು ಸಲ ನವೀಕರಣ. ಪ್ರತಿ ಸಲ ಶೇಕಡ 5ರಷ್ಟು ಏರಿ, ₹18,000 ಇದ್ದ ಬಾಡಿಗೆ ಕೊನೆಗೆ ₹19,845 ಆಯಿತು. ಅಡ್ವಾನ್ಸ್ ₹1,50,000 ಮಾತ್ರ ಮೊದಲಿನಷ್ಟೇ ಉಳಿಯಿತು. ಅದರಲ್ಲಿ ₹50,000 ಮನೆ ಒಪ್ಪಿಕೊಂಡ ದಿನ, ಉಳಿದ ₹1,00,000 ಮನೆಗೆ ಬಂದ ದಿನ, ಎರಡೂ ಬ್ಯಾಂಕ್ ಮೂಲಕವೇ ಕೊಟ್ಟಿದ್ದೇವೆ. ಒಂದು ತಿಂಗಳ ಬಾಡಿಗೆಯೂ ಬಾಕಿ ಇಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸಿದಾಗ, ಕರಾರಿನಲ್ಲಿ ಇಲ್ಲದಿದ್ದರೂ, ಅರ್ಧ ದುಡ್ಡು ನಾವೇ ಹಾಕಿದ್ದೆವು. ಇದನ್ನು ಹೇಳಿಕೊಳ್ಳಬೇಕು ಅಂತಲ್ಲ. ನಮ್ಮ ನಡುವೆ ದುಡ್ಡಿನ ವಿಷಯಕ್ಕೆ ಇವತ್ತಿನವರೆಗೆ ಒಂದು ಮಾತೂ ಬಂದಿರಲಿಲ್ಲ ಅನ್ನುವುದಕ್ಕೆ ಹೇಳಿದೆ.

ಮಾರ್ಚ್ 12ರಂದು ನೀವು ವಾಟ್ಸಾಪಿನಲ್ಲಿ ಕಳಿಸಿದ ಚೀಟಿಯಲ್ಲಿ ಹೀಗಿತ್ತು: ಪೇಂಟಿಂಗ್ ₹46,000, ಕ್ಲೀನಿಂಗ್ ₹5,500, ರೂಮಿನ ಗೋಡೆ ರಿಪೇರಿ ₹11,000, ಅಡುಗೆಮನೆ ಕಪಾಟಿನ ಬಾಗಿಲು ₹8,400, ಗೀಸರ್ ₹9,200, ವಾಶ್ ಬೇಸಿನ್ ₹3,150, ಕೊನೆಯ ಕರೆಂಟ್ ಬಿಲ್ ₹1,216. ಒಟ್ಟು ₹84,466 ಮುರಿದುಕೊಂಡು ಮಾರನೆಯ ದಿನ ₹65,534 ನನ್ನ ಖಾತೆಗೆ ಹಾಕಿದಿರಿ. ಅದು ಬಂದಿದೆ. ಆದರೆ ಪೂರ್ತಿ ಲೆಕ್ಕ ಚುಕ್ತಾ ಆಯಿತು ಅಂತ ನಾನು ಅದನ್ನು ತೆಗೆದುಕೊಂಡಿಲ್ಲ. ಅವತ್ತೇ ಹಾಗೆಂದು ಮೆಸೇಜ್ ಮಾಡಿದ್ದೇನೆ.

ಅಡ್ವಾನ್ಸಿನಲ್ಲಿ ಏನು ಮುರಿದುಕೊಳ್ಳಬಹುದು ಅನ್ನುವುದು ನಾವಿಬ್ಬರೂ ಸಹಿ ಹಾಕಿರುವ ಕರಾರಿನಲ್ಲೇ ಇದೆ. 9ನೇ ಷರತ್ತು ಇಷ್ಟು:

"ಬಾಡಿಗೆದಾರರು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಿದ 15 ದಿನಗಳೊಳಗೆ ಮಾಲೀಕರು ಮುಂಗಡ ಹಣವನ್ನು ಬಡ್ಡಿರಹಿತವಾಗಿ ಹಿಂದಿರುಗಿಸತಕ್ಕದ್ದು. ಸದರಿ ಹಣದಲ್ಲಿ (ಅ) ಬಾಡಿಗೆ, ವಿದ್ಯುತ್ ಮತ್ತು ನೀರಿನ ಬಾಕಿ. (ಆ) ಬಣ್ಣ ಮತ್ತು ಸ್ವಚ್ಛತೆಯ ಬಾಬ್ತು ಒಟ್ಟು ಒಂದು ತಿಂಗಳ ಬಾಡಿಗೆ. (ಇ) ಬಾಡಿಗೆದಾರರಿಂದ ಆದ ಹಾನಿಯ ದುರಸ್ತಿ ವೆಚ್ಚ, ರಸೀದಿಯ ಆಧಾರದ ಮೇಲೆ. ಇಷ್ಟನ್ನು ಮಾತ್ರ ಕಡಿತ ಮಾಡಬಹುದು. ದಿನಬಳಕೆಯಿಂದ ಆಗುವ ಸಹಜ ಸವಕಳಿಗೆ ಕಡಿತ ಇರುವುದಿಲ್ಲ."

ಇದರ ಪ್ರಕಾರ ನಾವು ಕೊಡಬೇಕಾದ್ದು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಕರೆಂಟ್ ಬಿಲ್ ₹1,216 ನಮ್ಮದೇ. ಬೀಗದ ಕೈ ಕೊಟ್ಟ ಸಂಜೆ ಮೀಟರಿನ ಫೋಟೋ ತೆಗೆದಿದ್ದೆವು, ಬೆಸ್ಕಾಂ ಬಿಲ್ಲಿಗೂ ಅದಕ್ಕೂ ತಾಳೆಯಾಗುತ್ತದೆ. ವಾಶ್ ಬೇಸಿನ್ ಬಿರುಕು ಬಿಟ್ಟಿದ್ದು ನಾವಿದ್ದಾಗಲೇ. ಅದಕ್ಕೆ ನೀವು ಅಂಗಡಿ ಬಿಲ್ಲನ್ನೂ ಕಳಿಸಿದ್ದೀರಿ. ಆ ₹3,150ಕ್ಕೂ ನಮ್ಮ ತಕರಾರಿಲ್ಲ.

ಇನ್ನು ಪೇಂಟಿಂಗ್. ಜಾಸ್ತಿ ಗಂಟು ಬಿದ್ದಿರುವುದು ಇಲ್ಲೇ. "ಈಗಿನ ಕೂಲಿ ರೇಟು ನೋಡಿದೀಯಾ, ಒಂದು ತಿಂಗಳ ಬಾಡಿಗೆಗೆ ಯಾರು ಬಣ್ಣ ಹೊಡೀತಾರೆ?" ಅಂತ ನೀವು ಕೇಳಿದಿರಿ. ರೇಟು ಜಾಸ್ತಿ ಆಗಿರುವುದು ನಿಜ. ಆದರೆ ಷರತ್ತಿನಲ್ಲಿ "ಬಣ್ಣಕ್ಕೆ ಆದಷ್ಟು ಖರ್ಚು" ಅಂತ ಬರೆದಿಲ್ಲ, "ಒಟ್ಟು ಒಂದು ತಿಂಗಳ ಬಾಡಿಗೆ" ಅಂತ ಬರೆದಿದೆ. ಬಣ್ಣಕ್ಕೆ ಹತ್ತು ಸಾವಿರವೇ ಆಗಿದ್ದರೂ ನಾನು ಉಳಿದದ್ದು ವಾಪಸ್ ಕೊಡಿ ಅಂತ ಕೇಳುವ ಹಾಗಿರಲಿಲ್ಲ. ಹಾಗೆಯೇ ನಲವತ್ತಾರು ಸಾವಿರ ಆದರೂ ನಮ್ಮ ಪಾಲು ಅಷ್ಟೇ. ಬೆಂಗಳೂರಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ನಾವು ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಸಹಿ ಹಾಕಿದ್ದು. ಯಾವ ತಿಂಗಳ ಬಾಡಿಗೆ ಅಂತ ಷರತ್ತು ಹೇಳುವುದಿಲ್ಲ. ನಾನು ಕೊನೆಯ ತಿಂಗಳದ್ದನ್ನೇ, ಅಂದರೆ ಜಾಸ್ತಿ ಇರುವ ₹19,845ನ್ನೇ, ಹಿಡಿದಿದ್ದೇನೆ.

ಹಾಲಿನ ಗೋಡೆ ಮೇಲೆ ನಮ್ಮ ಮಗಳು ಕ್ರೇಯಾನಿನಲ್ಲಿ ಬರೆದದ್ದರ ಫೋಟೋ ಕಳಿಸಿದ್ದೀರಿ. ಸೋಫಾದ ಹಿಂದೆ, ಮೊಣಕಾಲೆತ್ತರಕ್ಕೆ, ಸಾಲಾಗಿ ನಾಲ್ಕು ಬಸ್ಸು. ಇಲ್ಲ ಅನ್ನುವುದಿಲ್ಲ. ಆದರೆ ಇಡೀ ಮನೆಗೆ ಪುಟ್ಟಿ ಹಾಕಿಸಿ ಬಣ್ಣ ಬದಲಿಸಿದ್ದು ಆ ಬಸ್ಸುಗಳಿಗಾಗಿ ಅಲ್ಲ, ಅಲ್ವಾ ಸರ್? ಕ್ರೇಯಾನ್ ಗುರುತಾಗಲಿ, ಕ್ಯಾಲೆಂಡರ್ ಮೊಳೆ ತೂತಾಗಲಿ, ಬಣ್ಣದ ಕೆಲಸದಲ್ಲೇ ಹೋಗುತ್ತವೆ. ಆ ಕೆಲಸದ ದುಡ್ಡು (ಆ)ದಲ್ಲಿ ಸೇರಿದೆ. ಕ್ಲೀನಿಂಗಿನ ₹5,500 ಕೂಡ ಅದರೊಳಗೇ ಬರುತ್ತದೆ. "ಬಣ್ಣ ಮತ್ತು ಸ್ವಚ್ಛತೆಯ ಬಾಬ್ತು ಒಟ್ಟು" ಅಂತಲೇ ಇದೆ. ಬೇರೆಯಾಗಿ ಹಿಡಿಯಲು ಬರುವುದಿಲ್ಲ.

ರೂಮಿನ ಗೋಡೆ ವಿಷಯ ನಿಮಗೇ ಚೆನ್ನಾಗಿ ಗೊತ್ತು. ಟೆರೇಸಿನ ನೀರಿನ ಟ್ಯಾಂಕಿನ ಕೆಳಗಿನ ಮೂಲೆ ಅದು. 2024ರ ಅಕ್ಟೋಬರ್ ಮಳೆಯಲ್ಲಿ ಸೀಲಿಂಗಿನಿಂದ ಹಿಡಿದು ಸ್ವಿಚ್ ಬೋರ್ಡಿನವರೆಗೆ ತೇವ ಇಳಿದಿತ್ತು. ಬೆರಳಿಟ್ಟರೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬೀರುವನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆದು, ಒಳಗಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂತವರು ನಾವು. ಅವತ್ತೇ ಫೋಟೋ ಕಳಿಸಿದೆ. "ಮಳೆ ನಿಲ್ಲಲಿ, ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸ್ತೀನಿ" ಅಂತ ನೀವು ಉತ್ತರ ಕೊಟ್ಟಿದ್ದೀರಿ. ಆ ಮೆಸೇಜ್ ಈಗಲೂ ಇದೆ. ಮೇಲಿಂದ ಇಳಿದ ನೀರು "ಬಾಡಿಗೆದಾರರಿಂದ ಆದ ಹಾನಿ" ಹೇಗಾಗುತ್ತದೆ?

ಕಪಾಟಿನ ಬಾಗಿಲೂ ಹೆಚ್ಚುಕಡಿಮೆ ಇದೇ ಕಥೆ. ಸಿಂಕಿನ ಕೆಳಗಿನ ಪೈಪು ಸೋರುತ್ತಿದೆ ಅಂತ 2023ರ ಆಗಸ್ಟಿನಲ್ಲಿ ತಿಳಿಸಿದ್ದೆವು. ಪ್ಲಂಬರ್ ಬಂದದ್ದು ದಸರಾ ಕಳೆದ ಮೇಲೆ. ಅಷ್ಟರಲ್ಲಿ ಪ್ಲೈವುಡ್ ಉಬ್ಬಿ ಎರಡು ಬಾಗಿಲೂ ಮುಚ್ಚದಂತಾಗಿದ್ದವು. ದಿನಾ ಕೆಳಗೆ ಬಕೆಟ್ ಇಟ್ಟು ತುಂಬಿದಾಗ ಚೆಲ್ಲಿದ್ದು ನನ್ನ ಹೆಂಡತಿ. ಆಂಟಿಯೇ ಮೇಲೆ ಬಂದು ಅದನ್ನು ನೋಡಿ ಹೋಗಿದ್ದರು. ಇದಕ್ಕೆ ನಿಮ್ಮಿಂದ ರಸೀದಿಯೂ ಬಂದಿಲ್ಲ, ಚೀಟಿಯಲ್ಲಿ ಅಂದಾಜು ಮೊತ್ತ ಮಾತ್ರ ಇದೆ.

ಗೀಸರ್ ಬಗ್ಗೆ ಕರಾರಿನ ಕೊನೆಯ ಹಾಳೆ ತೆಗೆದು ನೋಡಿ. ಮನೆಯಲ್ಲಿದ್ದ ಸಾಮಾನಿನ ಪಟ್ಟಿ ಅದು: ಫ್ಯಾನ್ 4, ಟ್ಯೂಬ್‌ಲೈಟ್ 5, ಗೀಸರ್ 1. ಗೀಸರ್ ಎದುರಿಗೆ ನೀವೇ ನೀಲಿ ಪೆನ್ನಿನಲ್ಲಿ "ಹಳೇದು" ಅಂತ ಬರೆದಿದ್ದೀರಿ. ಅದರ ಮೈಮೇಲಿನ ಚೀಟಿಯಲ್ಲಿ ತಯಾರಾದ ವರ್ಷ 2014 ಅಂತಿದೆ. ಬೋರ್ ನೀರಿನ ಉಪ್ಪು ಕಟ್ಟಿ ಕಾಯಿಲ್ ಸುಟ್ಟಿದೆ ಅಂತ ರಿಪೇರಿಯವರು ನಿಮ್ಮೆದುರಿಗೇ ಹೇಳಿದ್ದರು. ಹತ್ತು ವರ್ಷ ದುಡಿದ ಗೀಸರ್ ಕೆಟ್ಟರೆ ಅದು ಸಹಜ ಸವಕಳಿ. ಹೊಸ ಗೀಸರಿನ ಪೂರ್ತಿ ಬೆಲೆಯನ್ನು ನಮ್ಮ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ (ಎಂ) ಖಂಡದ ಪ್ರಕಾರ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜ ಸವಕಳಿಯಿಂದ ಆದ ಬದಲಾವಣೆ ಅದಕ್ಕೆ ಹೊರತು. ನಮ್ಮ 9ನೇ ಷರತ್ತಿನ ಕೊನೆಯ ಸಾಲೂ ಅದೇ ಅರ್ಥದ್ದು.

ಹಾಗಾಗಿ ಲೆಕ್ಕ ಹೀಗಾಗುತ್ತದೆ. ಮುರಿದುಕೊಳ್ಳಬಹುದಾದದ್ದು 19,845 + 3,150 + 1,216, ಒಟ್ಟು ₹24,211. ₹1,50,000ದಲ್ಲಿ ಅದನ್ನು ಕಳೆದರೆ ನಮಗೆ ಬರಬೇಕಾದದ್ದು ₹1,25,789. ಬಂದಿರುವುದು ₹65,534. ಬಾಕಿ ₹60,255.

ಫೆಬ್ರವರಿ 28ರ ಸಂಜೆ ನೀವೇ ಮನೆಯೆಲ್ಲ ಸುತ್ತಿ ನೋಡಿ, ಟೆರೇಸ್ ಬಾಗಿಲಿನದೂ ಸೇರಿ ಎಲ್ಲ ಬೀಗದ ಕೈ ತೆಗೆದುಕೊಂಡು, ಡೈರಿಯಲ್ಲಿ ಬರೆದುಕೊಂಡಿರಿ. ವಾಶ್ ಬೇಸಿನ್ ಬಿಟ್ಟು ಬೇರೆ ಯಾವುದರ ಮಾತೂ ಅವತ್ತು ಬರಲಿಲ್ಲ. ಷರತ್ತಿನ 15 ದಿನ ಮಾರ್ಚ್ 15ಕ್ಕೇ ಮುಗಿದಿದೆ. ಇಲ್ಲಿ ಮೈಸೂರಿನ ಮನೆಯ ಅಡ್ವಾನ್ಸಿಗೆ ಭಾವನಿಂದ ಕೈಗಡ ತಂದಿದ್ದೇನೆ. ಅವರಿಗೂ ಹೇಳಿದ ಮಾತಿಗೆ ಕೊಡಬೇಕು.

ದಯವಿಟ್ಟು ಏಪ್ರಿಲ್ 10ರೊಳಗೆ ₹60,255ನ್ನು ಹಿಂದೆ ಹಾಕಿದ ಖಾತೆಗೇ ಹಾಕಿ. ನನ್ನ ಲೆಕ್ಕದಲ್ಲಿ ಯಾವುದಾದರೂ ತಪ್ಪು ಅನಿಸಿದರೆ, ಷರತ್ತಿನ ಯಾವ ಮಾತಿನ ಪ್ರಕಾರ ಅಂತ ತಿಳಿಸಿ, ರಸೀದಿ ಕಳಿಸಿ, ಖಂಡಿತ ನೋಡುತ್ತೇನೆ. ಎದುರೆದುರು ಕೂತು ಮಾತಾಡೋಣ ಅಂದರೆ ಏಪ್ರಿಲ್ 6ರ ಭಾನುವಾರ ಬೆಂಗಳೂರಿಗೆ ಬರುತ್ತೇನೆ. ಸುಮ್ನೆ "ನೋಡೋಣ" ಅನ್ನುವ ಉತ್ತರ ಮಾತ್ರ ಬೇಡ.

ಹತ್ತನೇ ತಾರೀಖಿನೊಳಗೆ ಹಣವೂ ಬರದೆ ಉತ್ತರವೂ ಬರದೆ ಇದ್ದರೆ ವಕೀಲರ ಮೂಲಕ ನೋಟಿಸ್ ಕಳಿಸಬೇಕಾಗುತ್ತದೆ. ಕೇಸು ಹಾಕುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಅರ್ಜಿ ಕೊಡುತ್ತೇನೆ, ಅಲ್ಲೂ ಆಗದಿದ್ದರೆ ಸಿವಿಲ್ ಕೋರ್ಟು. ಅಲ್ಲಿಯವರೆಗೆ ಹೋಗುವುದು ನನಗೂ ಇಷ್ಟವಿಲ್ಲ, ನಿಮಗೂ ಇರಲಾರದು.

ಆಂಟಿಗೆ ನನ್ನ ಹೆಂಡತಿ ನಮಸ್ಕಾರ ತಿಳಿಸಿದ್ದಾಳೆ. ಅವರ ತುಳಸಿ ಕುಂಡ ಒಂದು ನಮ್ಮ ಸಾಮಾನಿನ ಜೊತೆ ಬಂದುಬಿಟ್ಟಿದೆ. ಬರುವಾಗ ತರುತ್ತೇನೆ.

ಇಂತಿ,
ನಾಗರಾಜ
(ಸಹಿ)

ಜೊತೆಗೆ ಇಟ್ಟಿರುವುದು: ಬಾಡಿಗೆ ಕರಾರು ಮತ್ತು ಸಾಮಾನಿನ ಪಟ್ಟಿಯ ಜೆರಾಕ್ಸ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಗೋಡೆ, ಪೈಪು, ಗೀಸರ್, ಮೀಟರಿನ ಫೋಟೋಗಳು, ಆಗಸ್ಟ್ 2023 ಮತ್ತು ಅಕ್ಟೋಬರ್ 2024ರ ವಾಟ್ಸಾಪ್ ಮೆಸೇಜುಗಳ ಪ್ರಿಂಟ್.

ರಿಜಿಸ್ಟರ್ಡ್ ಪೋಸ್ಟ್ ಮೂಲಕ, ಸ್ವೀಕೃತಿ ಕಾರ್ಡಿನೊಂದಿಗೆ